ಎಂಟು ದೊಡ್ಡ ಶೀಟು, ಆರು ಸಣ್ಣ ಪುಟ

ಬಿ.ಆರ್ಕ್ ಮುಗಿಸುವ ಹೊತ್ತಿಗೆ ವಿದ್ಯಾರ್ಥಿಯ ಮನೆಯ ಅಟ್ಟದ ಮೇಲೆ ಉರುಳೆ ಸುತ್ತಿದ ಶೀಟುಗಳ ರಾಶಿಯೇ ಇರುತ್ತದೆ. ಒಂದೊಂದು ಸೆಮಿಸ್ಟರಿಗೂ ಒಂದು ದೊಡ್ಡ ಪ್ರಾಜೆಕ್ಟು, ಒಂದೊಂದು ಪ್ರಾಜೆಕ್ಟಿಗೂ ಏಳೆಂಟು ಎ1 ಶೀಟು. ಹೊರದೇಶದಲ್ಲಿ ಮಾಸ್ಟರ್ಸ್ ಮಾಡಬೇಕೆಂದು ಹೊರಟವರಿಗೆ ಇವನ್ನೆಲ್ಲ ಸೇರಿಸಿ ಒಂದು ಪಿಡಿಎಫ್ ಮಾಡಿದರೆ ಪೋರ್ಟ್‌ಫೋಲಿಯೊ ಸಿದ್ಧವಾಯಿತು ಅನ್ನಿಸುವುದು ಸಹಜ. ಅರ್ಜಿಗಳು ಹೆಚ್ಚಾಗಿ ಎಡವುವುದೂ ಅಲ್ಲಿಯೇ.

ಲೆಕ್ಕ ಹಾಕಿ ನೋಡಿ. ಎ1 ಶೀಟಿನ ಉದ್ದ 841 ಮಿಲಿಮೀಟರ್, ಎ4 ಹಾಳೆಯದು 297. ಶೀಟನ್ನು ಹಾಗೆಯೇ ಕುಗ್ಗಿಸಿದರೆ ಎಲ್ಲವೂ ಸುಮಾರು ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. 12 ಪಾಯಿಂಟಿನ ಅಕ್ಷರ 4 ಪಾಯಿಂಟಿಗೆ ಬಂದು ಓದಲಾಗದಂತಾಗುತ್ತದೆ. 1:100 ಅಳತೆಯ ಪ್ಲಾನು 1:283 ಎಂಬ, ಯಾರೂ ಬಳಸದ ಅಳತೆಗೆ ಬಂದು ನಿಲ್ಲುತ್ತದೆ. 0.18 ಮಿಲಿಮೀಟರಿನ ಗೆರೆ 0.06 ಆಗಿ, ಪರದೆಯ ಮೇಲೆ ಬೂದು ಮಸುಕಾಗಿ ಉಳಿಯುತ್ತದೆ. ಇನ್ನೂ ದೊಡ್ಡ ತೊಂದರೆ ಬೇರೆಯೇ ಇದೆ. ಜ್ಯೂರಿಯ ದಿನ ವಿದ್ಯಾರ್ಥಿ ಶೀಟಿನ ಪಕ್ಕದಲ್ಲಿ ನಿಂತು ಬಾಯಿಬಿಟ್ಟು ವಿವರಿಸಿರುತ್ತಾನೆ. ಅರ್ಧ ಕೆಲಸ ಆ ಮಾತೇ ಮಾಡಿರುತ್ತದೆ. ಪೋರ್ಟ್‌ಫೋಲಿಯೊ ತೆರೆದು ಕೆಲವೇ ನಿಮಿಷ ನೋಡಿ ಮುಂದಿನ ಅರ್ಜಿಗೆ ಹೋಗುವ ಪ್ರಾಧ್ಯಾಪಕರ ಎದುರು ಆ ಮಾತು ಇರುವುದಿಲ್ಲ. ಆದ್ದರಿಂದ ಆಯ್ದ ಪ್ರತಿಯೊಂದು ಪ್ರಾಜೆಕ್ಟನ್ನೂ ಸಣ್ಣ ಪುಟಕ್ಕಾಗಿ ಹೊಸದಾಗಿ ಬರೆಯಬೇಕು. ಐದು ವರ್ಷದ ಕೆಲಸದಲ್ಲಿ ನಾಲ್ಕೈದು ಪ್ರಾಜೆಕ್ಟು ಸಾಕು.

ದಾವಣಗೆರೆ ಕಡೆಯ ಒಬ್ಬ ವಿದ್ಯಾರ್ಥಿನಿಯ ಒಂದು ಪ್ರಾಜೆಕ್ಟನ್ನು ಹತ್ತಿರದಿಂದ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಆರನೇ ಸೆಮಿಸ್ಟರಿನಲ್ಲಿ ಆಕೆಗೆ ಬಂದಿದ್ದ ವಿಷಯ ತನ್ನ ತಾಲ್ಲೂಕು ಕೇಂದ್ರದ ವಾರದ ಸಂತೆಗೆ ಸೂರು. ಒಟ್ಟು ಎಂಟು ಶೀಟು. ಮೊದಲನೆಯದರಲ್ಲಿ ಭಾರತದ ನಕ್ಷೆ, ಅದರೊಳಗೆ ಕರ್ನಾಟಕ, ಅದರೊಳಗೆ ಜಿಲ್ಲೆ, ಅದರೊಳಗೆ ಊರು. ಮುಂದೆ ಬೇರೆ ಬೇರೆ ಮಾರುಕಟ್ಟೆಗಳ ಕೇಸ್ ಸ್ಟಡಿ, ಮಳೆ ಬಿಸಿಲಿನ ಪಟ್ಟಿ, ಬಣ್ಣಬಣ್ಣದ ಬಬಲ್ ಡಯಾಗ್ರಾಮು, ಪ್ಲಾನು, ನಾಲ್ಕು ಎಲಿವೇಷನ್ನು, ಕೊನೆಗೆ ಮೂರು ರೆಂಡರು. ನಮ್ಮ ಕಾಲೇಜುಗಳಲ್ಲಿ ಅಂಕ ಕೊಡುವ ಕ್ರಮವೇ ಇದನ್ನೆಲ್ಲ ಬೇಡುತ್ತದೆ, ಹಾಗಾಗಿ ಮಾಡಿದ್ದರಲ್ಲಿ ತಪ್ಪಿಲ್ಲ. ಆದರೆ ಇದರಲ್ಲಿ ಬಹುಪಾಲು ಬೇರೆ ಯಾರು ಮಾಡಿದ್ದರೂ ಹೀಗೆಯೇ ಇರುತ್ತಿತ್ತು.

ಅವಳದೇ ಅನ್ನುವಂಥದ್ದು ಎರಡನೇ ಶೀಟಿನ ಕೆಳಮೂಲೆಯಲ್ಲಿ ಅಡಗಿ ಕೂತಿತ್ತು. ಒಂದು ಸಂತೆಯ ದಿನ ಬೆಳಿಗ್ಗೆಯಿಂದ ಸಂಜೆವರೆಗೆ ಅಲ್ಲೇ ಇದ್ದು, ಯಾವ ವ್ಯಾಪಾರಿ ಎಲ್ಲಿ ಕೂತಿದ್ದಾರೆ ಎಂದು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಂಡಿದ್ದಳು. ಸೊಪ್ಪು ಮಾರುವವರು ಬೇವಿನ ಮರದ ನೆರಳು ಸರಿದಂತೆಲ್ಲ ತಾವೂ ಸರಿಯುತ್ತಿದ್ದರು. ಪಾತ್ರೆ ಅಂಗಡಿಯವರು ಬಿಸಿಲಿದ್ದರೂ ಕೂತ ಜಾಗ ಬಿಡುತ್ತಿರಲಿಲ್ಲ. ಈ ಗುರುತೇ ಹೊಸ ಪೋರ್ಟ್‌ಫೋಲಿಯೊದಲ್ಲಿ ಪ್ರಾಜೆಕ್ಟಿನ ಮೊದಲ ಪುಟವಾಯಿತು: ಅದೇ ಮೈದಾನದ ಮೂರು ಸಣ್ಣ ಪ್ಲಾನು, ಬೆಳಿಗ್ಗೆ ಎಂಟಕ್ಕೆ, ಮಧ್ಯಾಹ್ನ ಹನ್ನೆರಡಕ್ಕೆ, ಸಂಜೆ ನಾಲ್ಕಕ್ಕೆ. ನೆರಳು ಬೂದು, ಕೂತವರು ಕಪ್ಪು ಚುಕ್ಕೆ. ಭಾರತದ ನಕ್ಷೆಯಿಂದ ಶುರುವಾದ ಪ್ರಯಾಣಕ್ಕೆ ಬದಲು ಊರಿನ ಹೆಸರಿನ ಒಂದೇ ಸಾಲು.

ಎರಡನೇ ಪುಟ ಅವಳು ಕೈಬಿಟ್ಟ ಯೋಚನೆಗಳದು. ಮೊದಲು ಇಡೀ ಮೈದಾನಕ್ಕೆ ಒಂದೇ ದೊಡ್ಡ ಶೆಡ್ಡು ಮಾಡಿದ್ದಳು. ಆರಾರು ಮೀಟರಿಗೆ ಕಂಬ ಬಂದು, ಬೆಳಗಿನ ಜಾವ ಟೆಂಪೊ ಹಿಂದಕ್ಕೆ ತೆಗೆದು ಮಾಲು ಇಳಿಸಲು ಜಾಗವಿಲ್ಲದೆ ಹೋಯಿತು. ಎರಡನೆಯ ಸಲ ಕಂಬ ಕಡಿಮೆ ಮಾಡಿ ತಗಡಿನ ಸೂರನ್ನು ಕೆಳಗಿಳಿಸಿದಳು. ಕಾದ ತಗಡಿನ ಕೆಳಗೆ ತರಕಾರಿ ಮಧ್ಯಾಹ್ನದ ಒಳಗೆ ಬಾಡುತ್ತದೆ. ಮೂರನೆಯದರಲ್ಲಿ ಸೂರನ್ನು ಏಳು ತುಂಡು ಮಾಡಿ, ನಡುವಿನ ಮರಗಳನ್ನು ಹಾಗೆಯೇ ಬಿಟ್ಟು, ತುಂಡುಗಳನ್ನು ಒಂದರ ಮೇಲೊಂದು ಚಾಚಿ ಸಂದಿಯಲ್ಲಿ ಬಿಸಿಗಾಳಿ ಹೋಗುವಂತೆ ಮಾಡಿದಳು. ಮೂರೂ ರಟ್ಟಿನ ಮಾಡೆಲ್ಲುಗಳ ಫೋಟೊ, ಒಂದೊಂದರ ಕೆಳಗೆ ಯಾಕೆ ಬಿಟ್ಟೆ ಎಂಬ ಒಂದು ಸಾಲು. ಆಯ್ಕೆ ಮಾಡುವವರು ಎಲ್ಲಕ್ಕಿಂತ ಹೆಚ್ಚಾಗಿ ಹುಡುಕುವುದು ಇದನ್ನು. ಇವಳು ಹೇಗೆ ತೀರ್ಮಾನಕ್ಕೆ ಬರುತ್ತಾಳೆ, ತೀರ್ಮಾನ ತಪ್ಪಿದಾಗ ಏನು ಮಾಡುತ್ತಾಳೆ ಎಂಬುದು ಮುಗಿದ ಕಟ್ಟಡದ ಚಿತ್ರದಲ್ಲಿ ಕಾಣುವುದಿಲ್ಲ.

ಇದು ಸಾಧ್ಯವಾಗಬೇಕಾದರೆ ಮಾಡೆಲ್ಲು ಉಳಿದಿರಬೇಕು, ಕನಿಷ್ಠ ಅದರ ಒಳ್ಳೆಯ ಫೋಟೊ ಇರಬೇಕು. ಜ್ಯೂರಿ ಮುಗಿದ ಸಂಜೆಯೇ ಅವು ಕಸಕ್ಕೆ ಹೋಗುವುದು ಎಲ್ಲ ಸ್ಟುಡಿಯೋಗಳ ಕಥೆ. ಮೋಡ ಕವಿದ ಬೆಳಿಗ್ಗೆ ಕಿಟಕಿಯ ಪಕ್ಕ, ಹಿಂದೆ ಒಂದು ಚಾರ್ಟ್ ಪೇಪರು ಇಳಿಬಿಟ್ಟು, ಮೊಬೈಲನ್ನು ಎರಡು ಹೆಜ್ಜೆ ದೂರ ಹಿಡಿದು ಝೂಮ್ ಮಾಡಿ ತೆಗೆದರೆ ಸಾಕು. ಹತ್ತಿರ ಹಿಡಿದರೆ ಕಂಬಗಳು ಓರೆಯಾಗುತ್ತವೆ. ಬಟರ್ ಪೇಪರಿನ ಸ್ಕೆಚ್ಚುಗಳನ್ನು ಹಿಂದೆ ಬಿಳಿ ಹಾಳೆ ಇಟ್ಟು ಸ್ಕ್ಯಾನ್ ಮಾಡಿಟ್ಟುಕೊಳ್ಳಬೇಕು; ಇಲ್ಲದಿದ್ದರೆ ಪೆನ್ಸಿಲ್ ಗೆರೆ ಮಬ್ಬಾಗಿ ಬರುತ್ತದೆ.

ಮೂರು ಮತ್ತು ನಾಲ್ಕನೇ ಪುಟ ಸೇರಿ ಒಂದೇ ಸೆಕ್ಷನ್ನು. ಐವತ್ತು ಮೀಟರಿನ ಮೈದಾನವನ್ನು 1:200ಕ್ಕೆ ಬರೆದರೆ 250 ಮಿಲಿಮೀಟರು, ಅಡ್ಡ ಎ4ರ ಒಂದೇ ಹಾಳೆಯಲ್ಲಿ ಹಿಡಿಯುತ್ತದೆ. ಅವಳು ಎರಡು ಹಾಳೆ ತೆಗೆದುಕೊಂಡು 1:100ಕ್ಕೇ ಬರೆದಳು, ಏಕೆಂದರೆ ಜನ ಕಾಣಬೇಕಿತ್ತು. ಕತ್ತರಿಸಿದ ಭಾಗಕ್ಕೆ ದಪ್ಪ ಗೆರೆ, ಹಿಂದೆ ಕಾಣುವುದಕ್ಕೆ ತೆಳು ಗೆರೆ, ಮರಕ್ಕೆ ಇನ್ನೂ ತೆಳು. ಹಳೆಯ ರೆಂಡರಿನಲ್ಲಿ ಸಂತೆಯ ತುಂಬ ಉಣ್ಣೆಯ ಕೋಟು ತೊಟ್ಟ ಯೂರೋಪಿನವರು ಓಡಾಡುತ್ತಿದ್ದರು. ಅಂತರಜಾಲದಲ್ಲಿ ಪುಕ್ಕಟೆ ಸಿಗುವ ಕಟೌಟುಗಳು. ನಮ್ಮ ವಿದ್ಯಾರ್ಥಿಗಳ ಬಸ್ ಸ್ಟ್ಯಾಂಡು, ಆಸ್ಪತ್ರೆ, ಮಠ ಎಲ್ಲದರಲ್ಲೂ ಇದೇ ಜನ ಕಾಣುತ್ತಾರೆ, ನಗು ಬರುತ್ತದೆ. ಹೊಸ ಸೆಕ್ಷನ್ನಿನಲ್ಲಿ ಅವಳು ತಾನೇ ತೆಗೆದ ಫೋಟೊಗಳ ಮೇಲೆ ಗೆರೆ ಎಳೆದು, ತಕ್ಕಡಿ ಹಿಡಿದ ಹೆಂಗಸು, ಮೂಟೆ ಹೊತ್ತ ಹಮಾಲಿ, ಚೀಲ ನೇತುಹಾಕಿದ ಸೈಕಲ್ಲು ಎಲ್ಲವನ್ನೂ ಕೂರಿಸಿದಳು. ಹಾಗೆ ಕೂರಿಸುವಾಗ ಒಂದು ಸಂಗತಿ ಹೊಳೆಯಿತು: ತಲೆಯ ಮೇಲೆ ಬುಟ್ಟಿ ಹೊತ್ತವರಿಗೆ ಸೂರಿನ ಅಂಚು ತಾಗುತ್ತಿತ್ತು. ಸೂರನ್ನು ಒಂದಡಿ ಎತ್ತರಿಸಿದಳು. ಅಂಕ ಬಂದ ಮೇಲೆ ವಿನ್ಯಾಸ ತಿದ್ದಬಹುದೇ ಎಂದು ಹಲವರು ಕೇಳುತ್ತಾರೆ. ಧಾರಾಳವಾಗಿ ತಿದ್ದಬಹುದು, ಎಷ್ಟೋ ಜನ ತಿದ್ದುತ್ತಾರೆ.

ಐದನೇ ಪುಟದಲ್ಲಿ ಎರಡು ತುಂಡು ಸೂರು ಸೇರುವ ಜಾಗದ ವಿವರ, 1:10ಕ್ಕೆ: ಪೈಪು, ತಗಡು, ಮಳೆನೀರಿನ ದೋಣಿ, ಬೋಲ್ಟು. ಆರನೆಯದು ಒಂದೇ ಒಂದು ರೆಂಡರು. ಒಟ್ಟು ಬರಹ ಅರವತ್ತು ಪದ ದಾಟಲಿಲ್ಲ.

ಮೊದಲ ಪುಟದ ಮೂಲೆಯಲ್ಲಿ ಇನ್ನೊಂದು ಸಾಲು ಇತ್ತು: ಆರನೇ ಸೆಮಿಸ್ಟರ್, ಒಬ್ಬಳೇ ಮಾಡಿದ್ದು. ಇದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಗುಂಪಿನಲ್ಲಿ ಮಾಡಿದ ಕೆಲಸವಾದರೆ ಎಷ್ಟು ಜನ, ಅದರಲ್ಲಿ ನಿಮ್ಮ ಕೈಯಿಂದ ಆದದ್ದು ಯಾವ ಡ್ರಾಯಿಂಗು ಎಂದು ಬರೆಯಲೇಬೇಕು. ನಮ್ಮಲ್ಲಿ ಎಂಟತ್ತು ಜನ ಸೇರಿ ಹಳೆಯ ತೊಟ್ಟಿಮನೆಯನ್ನೋ ಅಗ್ರಹಾರದ ಬೀದಿಯನ್ನೋ ಅಳೆದು ಬರೆಯುವ ರೂಢಿಯಿದೆ. ಕಂಬದ ಬೋದಿಗೆಯನ್ನು ಟೇಪು ಹಿಡಿದು ಅಳೆದು ಬರೆದ ಡ್ರಾಯಿಂಗಿಗೆ ಹೊರಗೆ ಒಳ್ಳೆಯ ಬೆಲೆಯಿದೆ, ಆದರೂ ನಮ್ಮವರು ಅದನ್ನು ಹಳೇ ಸಾಮಾನೆಂದು ಬಿಟ್ಟುಬಿಡುತ್ತಾರೆ. ಹಾಕಿ, ಉಳಿದವರ ಪಾಲನ್ನೂ ಹೇಳಿ. ತರಬೇತಿಗೆ ಸೇರಿದ್ದ ಆಫೀಸಿನ ಕೆಲಸಕ್ಕಂತೂ ಅಲ್ಲಿನ ಯಜಮಾನರ ಒಪ್ಪಿಗೆಯೂ ಬೇಕು. ಎರಡು ವರ್ಷ ನಡೆದ ಆಸ್ಪತ್ರೆ ಕಟ್ಟಡದಲ್ಲಿ ನೀವು ಬರೆದದ್ದು ಮೆಟ್ಟಿಲಿನ ಡ್ರಾಯಿಂಗ್ ಮಾತ್ರವಾದರೆ ಆ ಮೆಟ್ಟಿಲನ್ನೇ ತೋರಿಸಿ.

ಎಲ್ಲ ಕಡೆಗೂ ಒಂದೇ ಪೋರ್ಟ್‌ಫೋಲಿಯೊ ಕಳಿಸುವುದೂ ಬೇಡ. ಲಂಡನ್ನಿನ ಆರ್ಕಿಟೆಕ್ಚರಲ್ ಅಸೋಸಿಯೇಷನ್ನಿಗೆ ಡಾರ್ಸೆಟ್‌ನ ಹೂಕ್ ಪಾರ್ಕ್ ಎಂಬ ಕಾಡಿನಲ್ಲಿ ಒಂದು ಕೇಂದ್ರವಿದೆ. ಅಲ್ಲಿ ವಿದ್ಯಾರ್ಥಿಗಳು ಮರ ಬಳಸಿ ನಿಜವಾಗಿಯೇ ಕಟ್ಟುತ್ತಾರೆ. ಅಂಥ ಕಡೆಗೆ ಸಂತೆಯ ಬೋಲ್ಟಿನ ಪುಟ ಮುಂದೆ ಬರಬೇಕು. ಎಂಐಟಿಯ ಎಸ್‌ಎಂಆರ್ಕ್‌ಎಸ್ ಸಂಶೋಧನೆಯ ಕಡೆ ವಾಲಿದ ಕೋರ್ಸು. ನೆರಳಿನ ಜೊತೆ ಸರಿದ ವ್ಯಾಪಾರಿಗಳ ಪುಟವೇ ಅಲ್ಲಿ ಹೆಚ್ಚು ಮಾತಾಡುತ್ತದೆ. ಹಾರ್ವರ್ಡಿನಲ್ಲಿ ಎಂ.ಆರ್ಕ್ ಎರಡು ಬಗೆಯದು. ಎರಡನೆಯದು ನಮ್ಮ ಬಿ.ಆರ್ಕ್‌ನಂಥ ವೃತ್ತಿಪದವಿ ಇದ್ದವರಿಗೆ. ಮೊದಲನೆಯದಕ್ಕೆ ಆರ್ಕಿಟೆಕ್ಚರ್ ಓದದವರೂ ಅರ್ಜಿ ಹಾಕುತ್ತಾರೆ, ಅವರ ಪೋರ್ಟ್‌ಫೋಲಿಯೊದಲ್ಲಿ ಚಿತ್ರಕಲೆ, ಕುರ್ಚಿ, ಫೋಟೊ ಏನೂ ಇರಬಹುದು. ಸಿದ್ಧ ಟೆಂಪ್ಲೇಟು ತುಂಬಿ ಎಲ್ಲರಿಗೂ ಒಂದೇ ರೂಪ ಕೊಡುವ ಏಜೆನ್ಸಿಗಳು ಈ ವ್ಯತ್ಯಾಸವನ್ನು ಗಮನಿಸುವುದು ನನಗಂತೂ ಕಂಡಿಲ್ಲ.

ಇನ್ನು ಫೈಲಿನ ವಿಷಯ. ಎಷ್ಟು ಪುಟ, ಎಷ್ಟು ಎಂಬಿ ಎಂದು ಪ್ರತಿ ಕಾಲೇಜೂ ತನ್ನದೇ ಮಿತಿ ಹಾಕುತ್ತದೆ, ಅದು ವರ್ಷವರ್ಷ ಬದಲಾಗುತ್ತದೆ. ಆ ವರ್ಷದ ಸೂಚನೆಯನ್ನೇ ನೋಡಬೇಕು. ಅಮೆರಿಕದಲ್ಲಿ ಎ4 ಬಳಕೆಯಿಲ್ಲ. ಅಲ್ಲಿನ ಲೆಟರ್ ಹಾಳೆ ಸ್ವಲ್ಪ ಅಗಲ, ಸ್ವಲ್ಪ ಗಿಡ್ಡ, ಆದ್ದರಿಂದ ಅಂಚಿಗೆ ಅಂಟಿಸಿ ಬರೆದದ್ದು ಕತ್ತರಿಸಿ ಹೋಗುತ್ತದೆ. ಕ್ಯಾಡ್‌ನಿಂದ ತಂದ ಇಟ್ಟಿಗೆ, ಹುಲ್ಲಿನ ಹ್ಯಾಚ್‌ನಲ್ಲಿ ಸಾವಿರಾರು ಗೆರೆಗಳಿರುತ್ತವೆ. ಪುಟ ತೆರೆಯುವಾಗ ಒಂದೊಂದೇ ಗೆರೆ ಮೂಡುತ್ತ ಪರದೆ ತಡವರಿಸಿದರೆ ಕಾರಣ ಇದೇ. ಆ ಡ್ರಾಯಿಂಗನ್ನು ಮಾತ್ರ 200 ಡಿಪಿಐ ಚಿತ್ರವಾಗಿ ಮಾಡಿ ಪುಟದಲ್ಲಿಟ್ಟು, ಅಕ್ಷರಗಳನ್ನು ಅಕ್ಷರವಾಗಿಯೇ ಬಿಟ್ಟರೆ ಫೈಲು ಹಗುರಾಗುತ್ತದೆ, ಹಿಗ್ಗಿಸಿದರೂ ಬರಹ ಒಡೆಯುವುದಿಲ್ಲ. ಆಮೇಲೆ ಒಂದು ಹಳೆಯ ಲ್ಯಾಪ್‌ಟಾಪಿನಲ್ಲಿ ತೆರೆದು ನೋಡಿ, ಸೆಕ್ಷನ್ ಇರುವ ಪುಟವನ್ನು ಜೆರಾಕ್ಸ್ ಅಂಗಡಿಯಲ್ಲಿ ಒಂದು ಪ್ರತಿ ತೆಗೆಸಿ. ತೆಳು ಗೆರೆ ಕಾಗದದ ಮೇಲೆ ಉಳಿದಿದ್ದರೆ ಪರದೆಯ ಮೇಲೂ ಉಳಿಯುತ್ತದೆ.

ಅಮೆರಿಕದ ಹಲವು ಕಾಲೇಜುಗಳು ಪೋರ್ಟ್‌ಫೋಲಿಯೊವನ್ನು ಸ್ಲೈಡ್‌ರೂಮ್‌ನಂಥ ತಾಣಗಳ ಮೂಲಕ ತೆಗೆದುಕೊಳ್ಳುತ್ತವೆ. ಕೊನೆಯ ದಿನ ಸಾಮಾನ್ಯವಾಗಿ ಡಿಸೆಂಬರ್, ಜನವರಿಯ ಸುಮಾರಿಗೆ ಬೀಳುತ್ತದೆ. ಬಾಸ್ಟನ್ನಿನ ರಾತ್ರಿ 11.59 ಎಂದರೆ ಚಳಿಗಾಲದಲ್ಲಿ ನಮಗೆ ಮರುದಿನ ಬೆಳಿಗ್ಗೆ 10.29. ಆ ಬೆಳಗಿನವರೆಗೆ ಕಾಯದೆ ಮೂರ್ನಾಲ್ಕು ದಿನ ಮೊದಲೇ ಹಾಕಿಟ್ಟರೆ, ಅಪ್‌ಲೋಡ್ ಆದ ಮೇಲೆ ಪುಟಗಳು ಹೇಗೆ ಕಾಣುತ್ತವೆ ಎಂದು ತೆರೆದು ನೋಡಿ, ತಲೆಕೆಳಗಾದ ಪುಟವನ್ನೋ ಮಾಯವಾದ ಫಾಂಟನ್ನೋ ಸರಿಮಾಡಿ ಕಳಿಸಲು ಸಮಯ ಇರುತ್ತದೆ.