ಕಳೆದುಹೋದ ಚೆಕ್ಕಿನ ಪಾವತಿ ತಡೆ ಪತ್ರ

ಪಾವತಿ ತಡೆ ಪತ್ರವೆಂದರೆ ತಾನು ಬರೆದ ಚೆಕ್ಕಿಗೆ ಹಣ ಕೊಡಬಾರದೆಂದು ಖಾತೆದಾರನು ತನ್ನ ಬ್ಯಾಂಕಿಗೆ ಲಿಖಿತವಾಗಿ ನೀಡುವ ಆದೇಶ. ಬ್ಯಾಂಕಿನ ವ್ಯವಹಾರದಲ್ಲಿ ಇದನ್ನು ‘ಸ್ಟಾಪ್ ಪೇಮೆಂಟ್’ ಎನ್ನುತ್ತಾರೆ. ಚೆಕ್ ಕಳೆದುಹೋದಾಗ, ಕಳುವಾದಾಗ ಅಥವಾ ಅಂಚೆಯಲ್ಲಿ ತಲುಪದೆ ಹೋದಾಗ ಈ ಪತ್ರದ ಅಗತ್ಯ ಬೀಳುತ್ತದೆ. ಚೆಕ್ ಎಂಬುದು ಖಾತೆದಾರನು ಬ್ಯಾಂಕಿಗೆ ಕೊಟ್ಟ ಆಜ್ಞೆಯಾದ್ದರಿಂದ ಅದನ್ನು ಹಿಂತೆಗೆದುಕೊಳ್ಳುವ ಅಧಿಕಾರವೂ ಅವನದೇ. ಚೆಕ್ಕನ್ನು ಪಡೆದವರ ಕೈಯಲ್ಲಿ ಅದು ಕಳೆದುಹೋಗಿದ್ದರೆ, ಅವರು ಚೆಕ್ ಬರೆದವರಿಗೆ ತಿಳಿಸಿ ಅವರಿಂದಲೇ ಪತ್ರ ಬರೆಸಬೇಕು.

ಪತ್ರದಲ್ಲಿ ಇರಬೇಕಾದ ವಿವರಗಳು

ಪತ್ರದ ಜೀವಾಳ ಚೆಕ್ಕಿನ ಸಂಖ್ಯೆ. ಬ್ಯಾಂಕಿನ ಗಣಕವು ಖಾತೆಯ ಸಂಖ್ಯೆ ಮತ್ತು ಚೆಕ್ಕಿನ ಸಂಖ್ಯೆಗಳನ್ನು ಹೋಲಿಸಿ ತಡೆಯನ್ನು ಜಾರಿಗೊಳಿಸುತ್ತದೆ. ಮೊತ್ತ, ದಿನಾಂಕ, ಹೆಸರು ಎಲ್ಲವೂ ಸರಿಯಾಗಿದ್ದು ಸಂಖ್ಯೆಯ ಒಂದಂಕಿ ತಪ್ಪಿದರೂ ಬೇರೊಂದು ಹಾಳೆಗೆ ತಡೆ ಬೀಳುತ್ತದೆ. ಕಳೆದುಹೋದ ಚೆಕ್ ಮಾತ್ರ ಸಲೀಸಾಗಿ ಪಾವತಿಯಾಗುತ್ತದೆ. ಚೆಕ್ಕಿನ ಕೆಳಭಾಗದ ಬಿಳಿಯ ಪಟ್ಟಿಯಲ್ಲಿ ಹಲವು ಅಂಕಿಗುಂಪುಗಳಿರುತ್ತವೆ. ಎಡತುದಿಯ ಆರು ಅಂಕಿಗಳೇ ಚೆಕ್ಕಿನ ಸಂಖ್ಯೆ. ಅದರ ಪಕ್ಕದ ಒಂಬತ್ತು ಅಂಕಿಗಳು ನಗರ, ಬ್ಯಾಂಕ್ ಮತ್ತು ಶಾಖೆಯನ್ನು ಸೂಚಿಸುತ್ತವೆ. ಗಾಬರಿಯಲ್ಲಿ ಇವನ್ನೇ ಚೆಕ್ಕಿನ ಸಂಖ್ಯೆಯೆಂದು ಬರೆದುಬಿಡುವುದುಂಟು.

ಚೆಕ್ಕೇ ಕೈಯಲ್ಲಿಲ್ಲದಿರುವಾಗ ಅದರ ಸಂಖ್ಯೆಯನ್ನು ಚೆಕ್ ಪುಸ್ತಕದಿಂದ ಪತ್ತೆಹಚ್ಚಬೇಕು. ಪುಸ್ತಕದ ಮೊದಲಿಗೋ ಕೊನೆಗೋ ಇರುವ ದಾಖಲೆ ಹಾಳೆಯಲ್ಲಿ ಬರೆದಿಟ್ಟಿದ್ದರೆ ಸಾಕು. ಬರೆದಿಡದಿದ್ದರೆ ಪುಸ್ತಕದಲ್ಲಿ ಉಳಿದಿರುವ ಮೊದಲ ಹಾಳೆಯ ಹಿಂದಿನ ಸಂಖ್ಯೆಯನ್ನು ನೋಡಿ, ಅದು ಈಗಾಗಲೇ ಪಾವತಿಯಾಗಿಲ್ಲವೆಂದು ಪಾಸ್‌ಬುಕ್ಕಿನಿಂದ ಖಚಿತಪಡಿಸಿಕೊಳ್ಳಬೇಕು. ಇಡೀ ಪುಸ್ತಕವೇ ಕಳೆದಿದ್ದರೆ ಮೊದಲ ಮತ್ತು ಕೊನೆಯ ಹಾಳೆಗಳ ಸಂಖ್ಯೆಯನ್ನು ‘ಇಂದ–ವರೆಗೆ’ ಎಂದು ಕೊಡಬೇಕಾಗುತ್ತದೆ.

ಚೆಕ್ಕಿನ ಸ್ವರೂಪವನ್ನೂ ತಿಳಿಸುವುದು ಒಳ್ಳೆಯದು. ಎರಡು ಗೆರೆ ಎಳೆದು ‘ಅಕೌಂಟ್ ಪೇಯೀ’ ಎಂದು ಬರೆದ ಚೆಕ್ಕಿನ ಹಣ ಅದರಲ್ಲಿ ಹೆಸರಿಸಿದವರ ಖಾತೆಗೆ ಮಾತ್ರ ಜಮೆಯಾಗುವುದರಿಂದ ಅಪಾಯ ಕಡಿಮೆ. ‘ಬೇರರ್’ ಪದವನ್ನು ಹೊಡೆದುಹಾಕದ, ಗೆರೆ ಎಳೆಯದ ಚೆಕ್ಕನ್ನು ಕೈಯಲ್ಲಿ ಹಿಡಿದು ಬಂದ ಯಾರು ಬೇಕಾದರೂ ಕೌಂಟರಿನಲ್ಲಿ ನಗದು ಮಾಡಿಕೊಳ್ಳಬಹುದು. ಸಹಿ ಮಾಡಿದ ಖಾಲಿ ಚೆಕ್ ಎಲ್ಲಕ್ಕಿಂತ ಅಪಾಯಕಾರಿ. ಚೆಕ್ಕಿನ ಮಾನ್ಯತೆ ಅದರ ಮೇಲಿನ ದಿನಾಂಕದಿಂದ ಮೂರು ತಿಂಗಳು. ದಿನಾಂಕವನ್ನೇ ಬರೆಯದ ಚೆಕ್ಕಿಗೆ ಆ ರಕ್ಷಣೆಯೂ ಇಲ್ಲ.

ಮಾದರಿ

ಹೆಗ್ಗಡದೇವನಕೋಟೆ ತಾಲ್ಲೂಕಿನ ಹೋಬಳಿ ಕೇಂದ್ರವಾದ ಹಂಪಾಪುರದ ರೈತರೊಬ್ಬರು ಪಂಪ್‌ಸೆಟ್ ಖರೀದಿಗಾಗಿ ಚೆಕ್ ಬರೆದು ಮೈಸೂರಿಗೆ ಹೊರಟು, ಬಸ್ಸಿನಲ್ಲಿ ಅದನ್ನು ಕಳೆದುಕೊಂಡರೆಂದು ಭಾವಿಸಿದರೆ ಪತ್ರ ಹೀಗಿರಬಹುದು. ಇದರಲ್ಲಿನ ಅಂಕಿಗಳು ಕಲ್ಪಿತ.

ಹಂಪಾಪುರ
ದಿನಾಂಕ: 10–11–2025, ಬೆಳಿಗ್ಗೆ 11.30

ಇವರಿಗೆ,
ಶಾಖಾ ವ್ಯವಸ್ಥಾಪಕರು,
(ಬ್ಯಾಂಕಿನ ಮತ್ತು ಶಾಖೆಯ ಹೆಸರು)

ಮಾನ್ಯರೆ,

ವಿಷಯ: ಕಳೆದುಹೋದ ಚೆಕ್ ಸಂಖ್ಯೆ 000347ರ ಪಾವತಿ ತಡೆಯುವ ಬಗ್ಗೆ.

ನಾನು ತಮ್ಮ ಶಾಖೆಯ ಉಳಿತಾಯ ಖಾತೆದಾರ. ಈ ಕೆಳಗಿನ ಚೆಕ್ ಇಂದು ಬೆಳಿಗ್ಗೆ ಹಂಪಾಪುರದಿಂದ ಮೈಸೂರಿಗೆ ಬಸ್ಸಿನಲ್ಲಿ ಹೋಗುವಾಗ ಕಳೆದುಹೋಗಿದೆ. ಇದನ್ನು ನಾನು ಯಾರಿಗೂ ಕೊಟ್ಟಿರುವುದಿಲ್ಲ.

ಖಾತೆ ಸಂಖ್ಯೆ: (ಪೂರ್ಣವಾಗಿ ಬರೆಯುವುದು)
ಚೆಕ್ ಸಂಖ್ಯೆ: 000347
ಚೆಕ್ಕಿನ ದಿನಾಂಕ: 10–11–2025
ಮೊತ್ತ: ರೂ. 38,500 (ಮೂವತ್ತೆಂಟು ಸಾವಿರದ ಐನೂರು ರೂಪಾಯಿ ಮಾತ್ರ)
ಯಾರ ಹೆಸರಿಗೆ: (ಅಂಗಡಿಯ ಹೆಸರು)
ಸ್ವರೂಪ: ಸಹಿ ಮಾಡಿದೆ; ಗೆರೆ ಎಳೆದು ‘ಅಕೌಂಟ್ ಪೇಯೀ’ ಎಂದು ಬರೆದಿದೆ

ಈ ಚೆಕ್ ಪಾವತಿಯಾಗಿಲ್ಲವೆಂದು ಖಚಿತಪಡಿಸಿ, ಕೂಡಲೇ ಪಾವತಿ ತಡೆದು, ತಡೆ ದಾಖಲಾದ ದಿನಾಂಕ ಮತ್ತು ಸಮಯವನ್ನು ಈ ಪತ್ರದ ಪ್ರತಿಯ ಮೇಲೆ ನಮೂದಿಸಿಕೊಡಬೇಕಾಗಿ ಕೋರುತ್ತೇನೆ. ನಿಯಮಾನುಸಾರ ಶುಲ್ಕವನ್ನು ನನ್ನ ಖಾತೆಯಿಂದ ಕಳೆಯಬಹುದು.

ತಮ್ಮ ವಿಶ್ವಾಸಿ,
(ಖಾತೆಯಲ್ಲಿರುವಂತೆ ಸಹಿ, ಹೆಸರು, ದೂರವಾಣಿ ಸಂಖ್ಯೆ)

ವಿನಯದ ಮಾತುಗಳನ್ನು ಇದಕ್ಕಿಂತ ಬೆಳೆಸಿದರೆ ಓದುವ ಗುಮಾಸ್ತರು ಸಂಖ್ಯೆಯನ್ನು ಹುಡುಕಬೇಕಾಗುತ್ತದೆ. ವಿಷಯದ ಸಾಲಿನಲ್ಲಿಯೇ ಅದನ್ನು ಕೊಟ್ಟಿರುವುದು ಈ ಕಾರಣಕ್ಕೆ.

ಸಮಯದ ಮಹತ್ವ

ಹಣ ಪಾವತಿಯಾಗುವ ಮೊದಲು ತಲುಪಿದ ಪತ್ರಕ್ಕೆ ಮಾತ್ರ ಬೆಲೆ. ಹಿಂದೆ ಬೇರೆ ಬ್ಯಾಂಕಿಗೆ ಹಾಕಿದ ಚೆಕ್ ತೀರುವಳಿಯಾಗಲು ಒಂದೆರಡು ದಿನ ಹಿಡಿಯುತ್ತಿತ್ತು. 2025ರ ಅಕ್ಟೋಬರ್ 4ರಿಂದ ಭಾರತೀಯ ರಿಸರ್ವ್ ಬ್ಯಾಂಕ್ ನಿರಂತರ ತೀರುವಳಿಯನ್ನು ಜಾರಿಗೆ ತಂದಿತು. ಬೆಳಿಗ್ಗೆ 10ರಿಂದ ಸಂಜೆ 4ರವರೆಗೆ ಬಂದ ಚೆಕ್ಕುಗಳ ಚಿತ್ರಗಳು ಆಗಿಂದಾಗಲೇ ರವಾನೆಯಾಗುತ್ತವೆ. ಇದರ ಮೊದಲ ಹಂತದಲ್ಲಿ ಹಣ ಕೊಡಬೇಕಾದ ಬ್ಯಾಂಕ್ ಅದೇ ಸಂಜೆ 7ರೊಳಗೆ ಒಪ್ಪಿಗೆ ಇಲ್ಲವೇ ನಿರಾಕರಣೆಯನ್ನು ತಿಳಿಸಬೇಕೆಂದು ಗೊತ್ತುಮಾಡಲಾಯಿತು. ಆದ್ದರಿಂದ ಬೆಳಿಗ್ಗೆ ಕಳೆದ ಚೆಕ್ಕಿಗೆ ಮರುದಿನ ಪತ್ರ ಕೊಡುವುದು ತಡವಾಗಬಹುದು. ದೂರವಾಣಿ ಅಥವಾ ಮೊಬೈಲ್ ಬ್ಯಾಂಕಿಂಗ್ ಮೂಲಕ ಮೊದಲು ತಡೆ ಹಾಕಿಸಿ, ನಂತರ ಪತ್ರ ಕೊಟ್ಟು ಮುದ್ರೆಯೊತ್ತಿದ ಪ್ರತಿಯನ್ನು ಪಡೆಯುವುದು ಸರಿಯಾದ ಕ್ರಮ.

ರಾಣೆಬೆನ್ನೂರಿನ ಪ್ರಕರಣ

ಕಾರಣವನ್ನು ಬರೆಯದ ತಡೆ ಆದೇಶವು ಮುಂದೆ ಹೇಗೆ ತೊಡಕಾಗಬಹುದೆಂಬುದಕ್ಕೆ ಕರ್ನಾಟಕದ್ದೇ ಪ್ರಸಿದ್ಧ ನಿದರ್ಶನವಿದೆ. ‘ರಂಗಪ್ಪ ವಿರುದ್ಧ ಶ್ರೀ ಮೋಹನ್’ ಎಂಬ ಈ ಮೊಕದ್ದಮೆಯನ್ನು ಸುಪ್ರೀಂ ಕೋರ್ಟ್ 2010ರ ಮೇ 7ರಂದು ತೀರ್ಮಾನಿಸಿತು. ಮನೆ ಕಟ್ಟುವಾಗ ಪಡೆದ 45,000 ರೂಪಾಯಿ ಕೈಸಾಲಕ್ಕೆ ಕೊಟ್ಟದ್ದೆಂದು ದೂರುದಾರರು ಹೇಳಿದ ಚೆಕ್ 2001ರ ಫೆಬ್ರವರಿಯಲ್ಲಿ ‘ಬರೆದವರಿಂದ ಪಾವತಿ ತಡೆಯಲಾಗಿದೆ’ ಎಂಬ ಕಾರಣದೊಡನೆ ಹಿಂದಿರುಗಿತ್ತು. ಅದು ತಾನು ಸಹಿ ಮಾಡಿ ಕಳೆದುಕೊಂಡ ಖಾಲಿ ಚೆಕ್ ಎಂಬುದು ಆರೋಪಿಯ ವಾದ. ರಾಣೆಬೆನ್ನೂರಿನ ನ್ಯಾಯಾಲಯ ಬಿಡುಗಡೆ ಮಾಡಿತು. ಹೈಕೋರ್ಟ್ ಅದನ್ನು ತಳ್ಳಿಹಾಕಿ ಶಿಕ್ಷಿಸಿತು. ಸುಪ್ರೀಂ ಕೋರ್ಟ್ ಶಿಕ್ಷೆಯನ್ನು ಎತ್ತಿಹಿಡಿದು, ಬ್ಯಾಂಕಿಗೆ ಕೊಟ್ಟ ತಡೆ ಸೂಚನೆಯಲ್ಲಿ ಚೆಕ್ ಕಳೆದುಹೋಗಿದೆ ಎಂಬ ಮಾತೇ ಇಲ್ಲದಿರುವುದನ್ನೂ ದೂರುದಾರರ ಕಾನೂನು ನೋಟಿಸಿಗೆ ಉತ್ತರ ಕೊಡದಿರುವುದನ್ನೂ ಗಮನಿಸಿತು.

ನೆಗೋಶಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ (1881) 138ನೇ ಕಲಮು ಹಣವಿಲ್ಲದೆ ಹಿಂದಿರುಗಿದ ಚೆಕ್ಕಿಗೆ ಸಂಬಂಧಿಸಿದ್ದು. ಪಾವತಿ ತಡೆಯಿಂದ ಹಿಂದಿರುಗಿದ ಚೆಕ್ಕೂ ಅದರ ವ್ಯಾಪ್ತಿಗೆ ಬರುತ್ತದೆಂದು ಸುಪ್ರೀಂ ಕೋರ್ಟ್ 1998ರಲ್ಲಿ ಮೋದಿ ಸಿಮೆಂಟ್ಸ್ ಪ್ರಕರಣದಲ್ಲಿ ಹೇಳಿತು. ಖಾತೆಯಲ್ಲಿ ಸಾಕಷ್ಟು ಹಣವಿತ್ತು, ತಡೆಗೆ ಸಕಾರಣವಿತ್ತು ಎಂದು ತೋರಿಸಿದರೆ ಅಪರಾಧವಾಗದು. ಆದರೆ ತೋರಿಸುವ ಹೊಣೆ ಚೆಕ್ ಬರೆದವನ ಮೇಲಿದೆ. ಮಾದರಿಯಲ್ಲಿನ ‘ಬಸ್ಸಿನಲ್ಲಿ ಹೋಗುವಾಗ ಕಳೆದುಹೋಗಿದೆ’, ‘ಯಾರಿಗೂ ಕೊಟ್ಟಿರುವುದಿಲ್ಲ’ ಎಂಬ ಎರಡು ವಾಕ್ಯಗಳು, ದಿನಾಂಕದ ಮುದ್ರೆ ಮತ್ತು ಆ ದಿನದ ಖಾತೆಯ ಶಿಲ್ಕು ಆಗ ಸಾಕ್ಷ್ಯವಾಗುತ್ತವೆ. ಸಹಿ ಮಾಡಿದ ಖಾಲಿ ಚೆಕ್ ಕಳೆದಿದ್ದರೆ ಪೊಲೀಸ್ ಠಾಣೆಗೂ ತಿಳಿಸಿ ಸ್ವೀಕೃತಿ ಪಡೆಯುವುದು ಲೇಸು. ಮುಂದೆ ಯಾರಿಂದಲಾದರೂ ನೋಟಿಸ್ ಬಂದರೆ 15 ದಿನಗಳೊಳಗೆ ಲಿಖಿತ ಉತ್ತರ ಕೊಡಬೇಕು. ಮೌನವನ್ನು ನ್ಯಾಯಾಲಯವು ವಿರುದ್ಧವಾಗಿ ಅರ್ಥೈಸಬಹುದು.

ಚೆಕ್ ಮರಳಿ ಸಿಕ್ಕಾಗ

ತಡೆ ದಾಖಲಾದುದು ಖಚಿತವಾದ ಮೇಲೆಯೇ ಬದಲಿ ಚೆಕ್ ಬರೆಯಬೇಕು, ಇಲ್ಲವಾದರೆ ಒಂದೇ ಬಾಕಿಗೆ ಎರಡು ಸಲ ಹಣ ಹೋಗಬಹುದು. ಹಳೆಯ ಚೆಕ್ ಅಂಗಿಯ ಜೇಬಿನಲ್ಲಿಯೋ ಪುಸ್ತಕದ ನಡುವೆಯೋ ಸಿಗುವುದು ಅಪರೂಪವಲ್ಲ. ಅದನ್ನು ಬಳಸಬೇಕಿದ್ದರೆ ತಡೆಯನ್ನು ಹಿಂತೆಗೆಯುವಂತೆ ಮತ್ತೊಂದು ಪತ್ರ ಕೊಡಬೇಕು. ಬದಲಿ ಚೆಕ್ ಈಗಾಗಲೇ ಹೋಗಿದ್ದರೆ ಹಳೆಯದರ ಸಹಿಯನ್ನು ಹೊಡೆದು, ಅಡ್ಡಲಾಗಿ ‘ರದ್ದು’ ಎಂದು ಬರೆದು, ಮುದ್ರೆಯೊತ್ತಿದ ಪ್ರತಿಯೊಡನೆ ಇಟ್ಟುಕೊಳ್ಳಬೇಕು.