ಮಲೆನಾಡಿನ ಗದ್ದೆಗಳಲ್ಲಿ ಕಂದು ತಿರುಗುವ ಭತ್ತ: ಸತುವಿನ ಕೊರತೆಯೋ, ಕಬ್ಬಿಣದ ನಂಜೋ?

ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳ ಗುಡ್ಡಗಳ ನಡುವಿನ ತಗ್ಗು ಗದ್ದೆಗಳಲ್ಲಿ, ನಾಟಿಯಾದ ಎರಡರಿಂದ ನಾಲ್ಕು ವಾರಗಳೊಳಗೆ ಭತ್ತದ ಎಲೆಗಳು ಕಂದು ಬಣ್ಣಕ್ಕೆ ತಿರುಗುವುದುಂಟು. ಪೈರು ಗಿಡ್ಡಾಗಿ ನಿಂತು, ತೆಂಡೆ ಒಡೆಯುವುದು ಕಡಿಮೆಯಾಗುತ್ತದೆ. ಇದನ್ನು ಬೆಂಕಿ ರೋಗವೆಂದೋ ಕಂದು ಚುಕ್ಕೆ ರೋಗವೆಂದೋ ಭಾವಿಸಿ ಶಿಲೀಂಧ್ರನಾಶಕ ಸಿಂಪಡಿಸುವುದು ಸಾಮಾನ್ಯ. ಕಾರಣ ಪೋಷಕಾಂಶದ್ದಾಗಿದ್ದರೆ ಆ ಖರ್ಚು ವ್ಯರ್ಥವಾಗುವುದಲ್ಲದೆ, ಸರಿಪಡಿಸಬಹುದಾದ ಅವಧಿಯೂ ಕಳೆದುಹೋಗುತ್ತದೆ.

ಈ ತಪ್ಪು ಗ್ರಹಿಕೆ ಹೊಸದಲ್ಲ. ಹಿಮಾಲಯದ ತಪ್ಪಲಿನ ತರಾಯಿ ಪ್ರದೇಶದ ಭತ್ತದಲ್ಲಿ ಕಂಡುಬರುತ್ತಿದ್ದ ‘ಖೈರಾ’ ಎಂಬ ತೊಂದರೆಯನ್ನು ಬಹುಕಾಲ ರೋಗವೆಂದೇ ತಿಳಿಯಲಾಗಿತ್ತು. ಅದು ಸತುವಿನ ಕೊರತೆಯಿಂದ ಬರುವುದೆಂದು 1966ರಲ್ಲಿ ತೋರಿಸಿದವರು ಪಂತನಗರದ ಸಸ್ಯರೋಗ ವಿಜ್ಞಾನಿ ಡಾ. ವೈ.ಎಲ್. ನೆನೆ. ನಮ್ಮ ಮಲೆನಾಡಿನ ಗದ್ದೆಗಳಲ್ಲಿ ಮಾತ್ರ ಇನ್ನೊಂದು ತೊಡಕಿದೆ. ಇಲ್ಲಿ ಎಲೆ ಕಂದಾಗಲು ಸತುವಿನ ಕೊರತೆಯೂ ಕಾರಣವಾಗಬಹುದು, ಕಬ್ಬಿಣ ಅತಿಯಾಗಿ ನಂಜಾಗುವುದೂ ಕಾರಣವಾಗಬಹುದು. ಒಂದಕ್ಕೆ ಪೋಷಕಾಂಶ ಕೊಡಬೇಕು. ಇನ್ನೊಂದಕ್ಕೆ ನೀರು ಬಸಿದು ಹೋಗುವಂತೆ ಮಾಡಬೇಕು. ಆದ್ದರಿಂದ ಚೀಲ ಕೊಳ್ಳುವ ಮೊದಲು ಕಾರಣವನ್ನು ಗುರುತಿಸುವುದು ಅಗತ್ಯ.

ಹುಳಿ ಮಣ್ಣಿನಲ್ಲಿ ಸತು ಏಕೆ ಕೊರೆಯಾಗುತ್ತದೆ?

ಹುಳಿ ಮಣ್ಣಿನಲ್ಲಿ ಸತು ಸುಲಭವಾಗಿ ಕರಗುತ್ತದೆ. ಹಾಗಿರುವಾಗ ಕೊರತೆ ಏಕೆ ಎಂದು ನೀವು ಕೇಳಬಹುದು. ಇದಕ್ಕೆ ಎರಡು ಕಾರಣಗಳಿವೆ. ಕರಗಿದ ಸತು ಮಲೆನಾಡಿನ ಭಾರೀ ಮಳೆಯಲ್ಲಿ ತೊಳೆದುಹೋಗಿ, ಹಳೆಯ ಕೆಂಪು ಹಾಗೂ ಜಂಬಿಟ್ಟಿಗೆ ಮಣ್ಣುಗಳಲ್ಲಿ ಅದರ ಒಟ್ಟು ದಾಸ್ತಾನೇ ಕಡಿಮೆಯಾಗಿರುತ್ತದೆ. ಎರಡನೆಯದಾಗಿ, ಗದ್ದೆಯಲ್ಲಿ ನೀರು ನಿಂತ ಕೆಲವೇ ವಾರಗಳಲ್ಲಿ ಹುಳಿ ಮಣ್ಣಿನ ರಸಸಾರ ತಾನಾಗಿಯೇ ಏರಿ ತಟಸ್ಥ ಮಟ್ಟದ ಸಮೀಪಕ್ಕೆ ಬರುತ್ತದೆ. ರಸಸಾರ ಏರಿದಂತೆ ಸತುವಿನ ಕರಗುವಿಕೆ ಕುಗ್ಗುತ್ತದೆ. ವರ್ಷವಿಡೀ ಜೌಗಾಗಿರುವ ಗದ್ದೆಗಳಲ್ಲಿ ಅದು ಗಂಧಕದೊಡನೆ ಸೇರಿ ಬೇರಿಗೆ ಸಿಗದ ರೂಪಕ್ಕೂ ಹೋಗುತ್ತದೆ.

ಇದೇ ನೀರು ನಿಲ್ಲುವಿಕೆ ಕಬ್ಬಿಣದ ಮೇಲೆ ವಿರುದ್ಧ ಪರಿಣಾಮ ಬೀರುತ್ತದೆ. ಗಾಳಿ ಸಿಗದ ಕೆಸರಿನಲ್ಲಿ ಕಬ್ಬಿಣ ಕರಗುವ ರೂಪಕ್ಕೆ ಬರುತ್ತದೆ. ಗುಡ್ಡದ ಬುಡದಲ್ಲಿ ಜಿನುಗುವ ಒರತೆ ನೀರು ಮೇಲಿನ ಮಣ್ಣಿನ ಕಬ್ಬಿಣವನ್ನೂ ಹೊತ್ತು ತರುತ್ತದೆ. ಹೀಗಾಗಿ ಒಂದೇ ಕಣಿವೆಯಲ್ಲಿ, ಕೆಲವೊಮ್ಮೆ ಒಂದೇ ಗದ್ದೆಯಲ್ಲಿ, ಎರಡೂ ತೊಂದರೆಗಳು ಅಕ್ಕಪಕ್ಕದಲ್ಲೇ ಇರಬಹುದು.

ಗದ್ದೆಯಲ್ಲೇ ಗುರುತಿಸುವ ಕ್ರಮ

ಮೊದಲು ಎಲೆಯನ್ನು ನೋಡಿ. ಸತುವಿನ ಕೊರತೆಯಿದ್ದಾಗ ಎಳೆಯ ಎಲೆಗಳ ಬುಡಭಾಗದಲ್ಲಿ ನಡುನರ ಬಿಳಿಚಿಕೊಳ್ಳುತ್ತದೆ. ಕೆಳಗಿನ ಎಲೆಗಳ ಮೇಲೆ ಕಂದು ಮಚ್ಚೆಗಳೂ ಗೆರೆಗಳೂ ಮೂಡುತ್ತವೆ. ಪೈರು ಎಲ್ಲೆಡೆ ಸಮವಾಗಿರದೆ ಅಲ್ಲಲ್ಲಿ ತೇಪೆ ಹಾಕಿದಂತೆ ಗಿಡ್ಡಾಗಿರುತ್ತದೆ. ಕಬ್ಬಿಣದ ನಂಜಿನಲ್ಲಿ ಕೆಳಗಿನ ಎಲೆಗಳ ತುದಿಯಲ್ಲಿ ಸಣ್ಣ ಕಂದು ಚುಕ್ಕೆಗಳು ಆರಂಭವಾಗಿ ಬುಡದ ಕಡೆಗೆ ಹರಡುತ್ತವೆ. ಮುಂದೆ ಇಡೀ ಎಲೆಯೇ ಕಿತ್ತಳೆ ಮಿಶ್ರಿತ ಕಂದು ಬಣ್ಣಕ್ಕೆ ತಿರುಗುತ್ತದೆ.

ಬಳಿಕ ಒಂದು ಬುಡವನ್ನು ಮಣ್ಣುಸಮೇತ ಕಿತ್ತು, ಬೇರನ್ನು ನಿಧಾನವಾಗಿ ತೊಳೆಯಿರಿ. ನಂಜಿದ್ದರೆ ಬೇರುಗಳು ವಿರಳವಾಗಿದ್ದು, ದಟ್ಟ ಕಂದು ಅಥವಾ ಕಪ್ಪು ಲೇಪ ಹೊಂದಿರುತ್ತವೆ. ಹೊಸ ಬಿಳಿ ಬೇರುಗಳು ಕಾಣುವುದು ಅಪರೂಪ.

ಮೂರನೆಯದಾಗಿ ನೀರಿನ ಮೇಲ್ಮೈ ಗಮನಿಸಿ. ಕಬ್ಬಿಣ ಹೆಚ್ಚಿರುವಲ್ಲಿ ಎಣ್ಣೆಯಂತೆ ಹೊಳೆಯುವ ಪೊರೆ ತೇಲುತ್ತದೆ. ಬದುವಿನ ಬಳಿ ಕೆಂಗಂದು ಗಸಿ ನಿಲ್ಲುತ್ತದೆ. ಆ ಪೊರೆಯನ್ನು ಕಡ್ಡಿಯಿಂದ ಕಲಕಿ. ಕಬ್ಬಿಣದ ಪೊರೆಯಾದರೆ ಚೂರುಚೂರಾಗಿ ಒಡೆದು ಹಾಗೆಯೇ ಉಳಿಯುತ್ತದೆ. ಟಿಲ್ಲರಿನಿಂದ ಸೋರಿದ ಎಣ್ಣೆಯಾದರೆ ಮತ್ತೆ ಕೂಡಿಕೊಳ್ಳುತ್ತದೆ.

ಇಷ್ಟಾದರೂ ಅನುಮಾನ ಉಳಿದರೆ ಗದ್ದೆಯ ಒಂದು ಪಟ್ಟಿಗೆ ಮಾತ್ರ ಮುಂದೆ ಹೇಳಿರುವ ಸತುವಿನ ದ್ರಾವಣ ಸಿಂಪಡಿಸಿ, ಪಕ್ಕದ ಪಟ್ಟಿಯನ್ನು ಹಾಗೆಯೇ ಬಿಡಿ. ಹತ್ತು ದಿನಗಳ ನಂತರ ಹೊಸದಾಗಿ ಬಂದ ಎಲೆಗಳನ್ನು ಹೋಲಿಸಿ ನೋಡಿ. ಹಳೆಯ ಎಲೆಯ ಕಲೆಗಳು ಮಾಯುವುದಿಲ್ಲವಾದ್ದರಿಂದ ಅವುಗಳನ್ನು ನೋಡಿ ತೀರ್ಮಾನಿಸಬಾರದು.

ಮಣ್ಣು ಪರೀಕ್ಷೆಯನ್ನು ಓದುವ ಬಗೆ

ಪ್ರಯೋಗಾಲಯದಲ್ಲಿ ಬೆಳೆಗೆ ದೊರೆಯುವ ಸತುವನ್ನು ಡಿ.ಟಿ.ಪಿ.ಎ. ಎಂಬ ದ್ರಾವಣದಿಂದ ಅಳೆಯುತ್ತಾರೆ. ಒಂದು ಕಿಲೋ ಮಣ್ಣಿನಲ್ಲಿ 0.6 ಮಿಲಿಗ್ರಾಂಗಿಂತ ಕಡಿಮೆಯಿದ್ದರೆ ಕೊರತೆಯೆಂದು ಪರಿಗಣಿಸಲಾಗುತ್ತದೆ. ಆದರೆ ಈ ವಿಧಾನವನ್ನು ರೂಪಿಸಿದ್ದು ಮುಖ್ಯವಾಗಿ ತಟಸ್ಥ ಮತ್ತು ಸುಣ್ಣಯುಕ್ತ ಮಣ್ಣುಗಳಿಗಾಗಿ. ಪರೀಕ್ಷೆ ನಡೆಯುವುದು ಒಣಗಿದ ಮಣ್ಣಿನ ಮೇಲೆ. ಬೇರು ಇರುವುದು ನೀರು ನಿಂತ ಕೆಸರಿನಲ್ಲಿ. ಆದ್ದರಿಂದ ಜೌಗು ಗದ್ದೆಯ ಸಂಖ್ಯೆ 0.6ಕ್ಕಿಂತ ಸ್ವಲ್ಪವೇ ಮೇಲಿದ್ದರೆ ಅದನ್ನು ಸಾಕಷ್ಟಿದೆ ಎಂದು ಅರ್ಥೈಸದೆ, ಬೆಳೆಯ ಲಕ್ಷಣಗಳೊಂದಿಗೆ ಸೇರಿಸಿ ನೋಡಬೇಕು. ತೆಂಡೆ ಒಡೆಯುವ ಹಂತದಲ್ಲಿ ಪೂರ್ಣ ಬಿಚ್ಚಿದ ಎಳೆಯ ಎಲೆಯಲ್ಲಿ ಸತು ಕಿಲೋಗೆ 20 ಮಿಲಿಗ್ರಾಂಗಿಂತ ಕಡಿಮೆಯಿದ್ದರೆ ಕೊರತೆ ಖಚಿತವೆನ್ನಬಹುದು.

2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಕಾರ್ಡ್ ಯೋಜನೆಯಲ್ಲಿ ಸತುವೂ ಸೇರಿ 12 ಅಂಶಗಳ ವಿವರ ದೊರೆಯುತ್ತದೆ. ಆದರೆ ಅಲ್ಲಿ ನೀರಾವರಿ ಜಮೀನಿಗೆ 2.5 ಹೆಕ್ಟೇರಿಗೆ, ಮಳೆಯಾಶ್ರಿತ ಜಮೀನಿಗೆ 10 ಹೆಕ್ಟೇರಿಗೆ ಒಂದರಂತೆ ಮಾದರಿ ತೆಗೆಯುವ ಕ್ರಮವಿತ್ತು. ಗುಡ್ಡ, ಇಳಿಜಾರು, ತಗ್ಗು ಒಂದೆಡೆ ಸೇರಿರುವ ನಮ್ಮ ಪ್ರದೇಶದಲ್ಲಿ ಆ ಸಂಖ್ಯೆ ನಿಮ್ಮ ತಗ್ಗು ಗದ್ದೆಯದೇ ಆಗಿರಬೇಕೆಂದಿಲ್ಲ.

ಆದ್ದರಿಂದ ಕೊಯ್ಲಿನ ನಂತರ ತಗ್ಗು ಗದ್ದೆಯ ಮಾದರಿಯನ್ನು ಪ್ರತ್ಯೇಕವಾಗಿ ತೆಗೆಯಿರಿ. ಎಂಟು ಹತ್ತು ಕಡೆ 15 ಸೆಂ.ಮೀ. ಆಳದವರೆಗಿನ ಮಣ್ಣನ್ನು ತೆಗೆದು ಬೆರೆಸಿ, ನೆರಳಿನಲ್ಲಿ ಒಣಗಿಸಿ, ಅರ್ಧ ಕಿಲೋ ಕಳುಹಿಸಿ. ಸತುವಿನ ಲೇಪವಿರುವ ತಗಡಿನ ಬಕೆಟ್ ಬಳಸಬಾರದು. ಅದರಿಂದ ಉದುರುವ ಕಣವೇ ಫಲಿತಾಂಶವನ್ನು ಕೆಡಿಸಬಲ್ಲದು. ಪ್ಲಾಸ್ಟಿಕ್ ಬಕೆಟ್ಟು, ಮರದ ಅಥವಾ ಬಿದಿರಿನ ಸಾಧನ ಸೂಕ್ತ.

ಒಂದು ಎಕರೆಯ ಉದಾಹರಣೆ

ಗುಡ್ಡದ ಬುಡದಿಂದ ಹಳ್ಳದವರೆಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ 40 ಗುಂಟೆ ಗದ್ದೆಯೊಂದನ್ನು ಭಾವಿಸೋಣ. ನಾಟಿಯಾಗಿ 20 ದಿನಗಳಾಗಿವೆ. ಎಲ್ಲೆಡೆ ಎಲೆ ಕಂದಾಗಿದೆ. ಗುಡ್ಡಕ್ಕೆ ತಾಗಿದ 10 ಗುಂಟೆಯಲ್ಲಿ ಹೊಳೆಯುವ ಪೊರೆಯಿದೆ, ಬೇರು ಕಪ್ಪಾಗಿದೆ, ಚುಕ್ಕೆಗಳು ಎಲೆಯ ತುದಿಯಿಂದ ಆರಂಭವಾಗಿವೆ. ಉಳಿದ 30 ಗುಂಟೆಯಲ್ಲಿ ಪೊರೆಯಿಲ್ಲ. ಎಳೆ ಎಲೆಯ ಬುಡ ಬಿಳಿಚಿದೆ. ಮಣ್ಣು ಪರೀಕ್ಷೆಯಲ್ಲಿ ರಸಸಾರ 5.4, ಸತು 0.45 ಬಂದಿದೆ.

ಮೇಲಿನ 10 ಗುಂಟೆಗೆ ಬೇಕಾದದ್ದು ಚರಂಡಿ. ಗುಡ್ಡದ ಬುಡದುದ್ದಕ್ಕೂ ಬಸಿಗಾಲುವೆ ತೆಗೆದು ಒರತೆ ನೀರನ್ನು ಗದ್ದೆಗೆ ಬಾರದಂತೆ ಹೊರಗೆ ಹರಿಸಬೇಕು. ನಿಂತ ನೀರನ್ನು 7ರಿಂದ 10 ದಿನ ಬಸಿದು, ಮಣ್ಣಿಗೆ ಗಾಳಿಯಾಡಲು ಬಿಟ್ಟು, ಮತ್ತೆ ನೀರು ಕಟ್ಟಬೇಕು. ಹೊಸ ಬಿಳಿ ಬೇರು ಕಾಣುವವರೆಗೆ ಯೂರಿಯಾ ಮೇಲುಗೊಬ್ಬರವನ್ನು ತಡೆಹಿಡಿಯಿರಿ. ಪೊಟ್ಯಾಷ್ ಕಡಿಮೆಯಾದರೆ ನಂಜು ಉಲ್ಬಣಿಸುವುದರಿಂದ ಶಿಫಾರಸು ಮಾಡಿದ ಪೊಟ್ಯಾಷ್ ತಪ್ಪಿಸಬೇಡಿ. ನೀರು ಬಸಿಯುವ ಕೆಲಸ ತೆನೆ ಮೂಡುವ ಮೊದಲೇ ಮುಗಿಯಬೇಕು.

ಕೆಳಗಿನ 30 ಗುಂಟೆಗೆ ತಕ್ಷಣದ ಪರಿಹಾರ ಸಿಂಪರಣೆ. ಲೀಟರಿಗೆ 5 ಗ್ರಾಂ ಸತುವಿನ ಸಲ್ಫೇಟ್ ಮತ್ತು 2.5 ಗ್ರಾಂ ಅರಳಿದ ಸುಣ್ಣ ಬೇಕು. ಎಕರೆಗೆ 200 ಲೀಟರಿನಂತೆ 30 ಗುಂಟೆಗೆ 150 ಲೀಟರ್ ದ್ರಾವಣ; ಅಂದರೆ 750 ಗ್ರಾಂ ಸತುವಿನ ಸಲ್ಫೇಟ್ ಮತ್ತು 375 ಗ್ರಾಂ ಸುಣ್ಣ. ಸುಣ್ಣವನ್ನು ಬೇರೆ ನೀರಿನಲ್ಲಿ ಕಲಸಿ, ತಿಳಿಯನ್ನು ಬಟ್ಟೆಯಲ್ಲಿ ಸೋಸಿ ಸೇರಿಸಿ. ಸುಣ್ಣ ಬಿಟ್ಟರೆ ಎಲೆ ಸುಡುವ ಸಂಭವವಿದೆ. ಹತ್ತು ದಿನಗಳ ಅಂತರದಲ್ಲಿ ಎರಡು ಮೂರು ಬಾರಿ, ಮಳೆ ಬಿಡುವು ಕೊಟ್ಟಾಗ ಸಿಂಪಡಿಸಬೇಕು.

ಮುಂದಿನ ಹಂಗಾಮಿನಲ್ಲಿ ಎಕರೆಗೆ 8 ಕಿಲೋದಂತೆ 30 ಗುಂಟೆಗೆ 6 ಕಿಲೋ ಸತುವಿನ ಸಲ್ಫೇಟನ್ನು ಒಣ ಮರಳು ಅಥವಾ ಮಣ್ಣಿನೊಡನೆ ಬೆರೆಸಿ, ಕೊನೆಯ ಕೆಸರು ಉಳುಮೆಯ ನಂತರ ಎರಚಬೇಕು. ಈ ಪ್ರಮಾಣ ಶೇ. 21 ಸತುವಿರುವ ಹರಳು ರೂಪದ ಗೊಬ್ಬರಕ್ಕೆ ಸಂಬಂಧಿಸಿದ್ದು. ಚೀಲದ ಮೇಲೆ ಶೇ. 33 ಎಂದಿದ್ದರೆ ಎಕರೆಗೆ 5 ಕಿಲೋ ಸಾಕು. ಒಮ್ಮೆ ಕೊಟ್ಟದ್ದು ಸಾಮಾನ್ಯವಾಗಿ ಮೂರು ಬೆಳೆಗಳವರೆಗೆ ಉಪಯೋಗಕ್ಕೆ ಬರುವುದರಿಂದ ಪ್ರತಿವರ್ಷ ಹಾಕುವ ಅಗತ್ಯವಿಲ್ಲ. ಮರುಪರೀಕ್ಷೆ ಮಾಡಿಸಿ ಹಾಕಿ.

ಎಲ್ಲಿ ತಪ್ಪಾಗುತ್ತದೆ?

ಸತುವಿನ ಸಲ್ಫೇಟನ್ನು ಡಿಎಪಿ ಅಥವಾ ಸೂಪರ್ ಫಾಸ್ಫೇಟ್ ಜೊತೆ ಬೆರೆಸಿ ಹಾಕಬಾರದು. ಕಾರಣವನ್ನು ನೀವೇ ಲೋಟದಲ್ಲಿ ನೋಡಬಹುದು. ಡಿಎಪಿಯನ್ನು ನೀರಿನಲ್ಲಿ ಕರಗಿಸಿ ತಿಳಿ ತೆಗೆದುಕೊಳ್ಳಿ. ಅದಕ್ಕೆ ಸತುವಿನ ಸಲ್ಫೇಟ್ ದ್ರಾವಣ ಸುರಿಯಿರಿ. ಮೊಸರೊಡೆದಂತೆ ದಪ್ಪ ಗಸಿ ಕೂರುತ್ತದೆ. ಬೇರಿಗೆ ಸಿಗಬೇಕಾದ ಸತು ಹೀಗೆಯೇ ಕಟ್ಟಿಕೊಳ್ಳುತ್ತದೆ. ಇದೇ ಪರೀಕ್ಷೆ ಕಲಬೆರಕೆಯನ್ನೂ ಸೂಚಿಸುತ್ತದೆ. ನೋಡಲು ಒಂದೇ ರೀತಿಯಿರುವ ಮೆಗ್ನೀಸಿಯಂ ಸಲ್ಫೇಟನ್ನು ಸತುವಿನ ಸಲ್ಫೇಟ್ ಎಂದು ಮಾರಿದ್ದರೆ ಇಂತಹ ಗಸಿ ಬರುವುದಿಲ್ಲ. ರಂಜಕದ ಗೊಬ್ಬರವನ್ನು ಕೆಲವು ದಿನಗಳ ಅಂತರದಲ್ಲಿ ಪ್ರತ್ಯೇಕವಾಗಿ ಕೊಡಿ.

ಆಲೂರು ಭಾಗದಲ್ಲಿ ಆಲೂಗಡ್ಡೆಗೆ ರಂಜಕ ಧಾರಾಳವಾಗಿ ಕೊಟ್ಟ ಹೊಲದಲ್ಲಿ ಮುಸುಕಿನ ಜೋಳ ಬೆಳೆಯುವವರೂ ಇದನ್ನು ನೆನಪಿಡಬೇಕು. ಅಧಿಕ ರಂಜಕವು ಸತುವಿನ ಕೊರತೆಯನ್ನು ಹೆಚ್ಚಿಸುತ್ತದೆ. ಮೊಳೆತ ಎರಡು ಮೂರು ವಾರಗಳಲ್ಲಿ ಎಳೆಯ ಎಲೆಯ ಬುಡದಿಂದ, ನಡುನರದ ಎರಡೂ ಬದಿಗೆ ಅಗಲವಾದ ಬಿಳಿ ಪಟ್ಟೆ ಕಂಡರೆ ಅದೇ ಕುರುಹು.

ಸುಣ್ಣದ ವಿಷಯದಲ್ಲೂ ಎಚ್ಚರ ಬೇಕು. ಅಗತ್ಯಕ್ಕಿಂತ ಹೆಚ್ಚು ಸುಣ್ಣ ಹಾಕಿದರೆ ಇರುವ ಸತುವೂ ಸಿಗದಾಗುತ್ತದೆ. ಪರೀಕ್ಷಾ ವರದಿಯ ಪ್ರಮಾಣವನ್ನು ಮೀರದೆ, ನಾಟಿಗೆ ಎರಡು ಮೂರು ವಾರ ಮೊದಲು ಸುಣ್ಣ ಹಾಕಿ. ಸತುವನ್ನು ನಂತರ ಕೊಡಿ.

ಕೊನೆಯದಾಗಿ, ‘ಎಲ್ಲವೂ ಇರುವ’ ಲಘು ಪೋಷಕಾಂಶ ಮಿಶ್ರಣಗಳನ್ನು ಪರೀಕ್ಷೆಯಿಲ್ಲದೆ ಕೊಳ್ಳಬೇಡಿ. ನೀರು ನಿಂತ ಹುಳಿ ಗದ್ದೆಯಲ್ಲಿ ಕಬ್ಬಿಣ ಮತ್ತು ಮ್ಯಾಂಗನೀಸ್ ಕೊರತೆ ಅಪರೂಪ. ನಂಜಿರುವ ಗದ್ದೆಗೆ ಮತ್ತೆ ಕಬ್ಬಿಣ ಕೊಡುವುದು ಹಾನಿಕರ. ಬೋರಾನ್ ಮಾತ್ರ ಮಳೆಯಲ್ಲಿ ತೊಳೆದುಹೋಗುವ ಅಂಶವಾದ್ದರಿಂದ ಪರೀಕ್ಷಿಸುವುದು ಒಳಿತು. ವರದಿಯಲ್ಲಿ ಕಿಲೋಗೆ 0.5 ಮಿಲಿಗ್ರಾಂಗಿಂತ ಕಡಿಮೆ ಬಂದಾಗ ಮಾತ್ರ, ಶಿಫಾರಸಿನ ಅಳತೆ ಮೀರದೆ ಬೋರಾಕ್ಸ್ ಕೊಡಿ. ಕೊರತೆಗೂ ನಂಜಿಗೂ ನಡುವಿನ ಅಂತರ ಬೋರಾನಿನಲ್ಲಿ ಬಹಳ ಕಿರಿದು.

ಮಾದರಿ ತೆಗೆಯುವ ಮುನ್ನ ಅಥವಾ ವರದಿ ಬಂದ ನಂತರ ಹೆಚ್ಚಿನ ಮಾಹಿತಿಗೆ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರ ಅಥವಾ ಹಾಸನದ ಕಂದಲಿಯ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು. ಬರುವಾಗ ವರದಿಯ ಜೊತೆಗೆ ಬೇರುಸಮೇತ ಕಿತ್ತ ಎರಡು ಬುಡಗಳನ್ನು ತನ್ನಿರಿ: ಒಂದು ತೊಂದರೆಯಿರುವ ಜಾಗದ್ದು, ಇನ್ನೊಂದು ಅದೇ ಗದ್ದೆಯ ಆರೋಗ್ಯಕರ ಪೈರಿನದು.