ಬಾರದ ಇಮೇಲ್‌ನ ಜಾಡು ಹಿಡಿದು

ಪಾಸ್‌ವರ್ಡ್ ಮರೆತು ‘ಫರ್ಗಾಟ್ ಪಾಸ್‌ವರ್ಡ್’ ಒತ್ತಿದವರಿಗೆ ಅನೇಕ ತಾಣಗಳು ತೋರಿಸುವ ಉತ್ತರ ಒಂದೇ: ಈ ವಿಳಾಸದಲ್ಲಿ ಖಾತೆ ಇದ್ದರೆ ಲಿಂಕ್ ಬರುತ್ತದೆ. ಖಾತೆ ಇದೆಯೋ ಇಲ್ಲವೋ ಎಂದು ನೇರವಾಗಿ ಹೇಳಿಬಿಟ್ಟರೆ, ವಂಚಕರು ಒಂದೊಂದೇ ವಿಳಾಸ ಹಾಕಿ ಯಾರ ಖಾತೆ ಎಲ್ಲಿದೆ ಎಂದು ಪತ್ತೆಮಾಡಿಬಿಡುತ್ತಾರೆ. ಅದಕ್ಕಾಗಿ ಈ ಜಾಣ ಮಾತು. ಮೇಲ್ ಹೊರಡದೇ ಇದ್ದರೂ ಪರದೆಯ ಮೇಲೆ ಬರುವುದು ಇದೇ ಸಾಲು.

ಆದ್ದರಿಂದ ಹುಡುಕಾಟ ಶುರುವಾಗಬೇಕಾದದ್ದು ಹಳೆಯ ಮೇಲ್‌ಗಳಿಂದ. ಜಿಮೇಲ್‌ನ ಹುಡುಕುವ ಜಾಗದಲ್ಲಿ `in:anywhere` ಎಂದು ಬರೆದು, ಪಕ್ಕದಲ್ಲಿ ತಾಣದ ಹೆಸರು ಹಾಕಿದರೆ ಸ್ಪ್ಯಾಮ್ ಮತ್ತು ಕಸದಬುಟ್ಟಿಯನ್ನೂ ಅದು ಜಾಲಾಡುತ್ತದೆ. ಸ್ಪ್ಯಾಮ್‌ಗೆ ಬಿದ್ದದ್ದು 30 ದಿನಗಳ ನಂತರ ತಾನಾಗಿ ಅಳಿಸಿಹೋಗುತ್ತದೆ ಎಂಬುದು ನೆನಪಿರಲಿ. ತಾಣದಿಂದ ಬಂದ ಒಂದು ರಸೀದಿಯೂ ಸಿಗದಿದ್ದರೆ ಖಾತೆ ಬೇರೆ ವಿಳಾಸದಲ್ಲಿರುವ ಸಾಧ್ಯತೆಯೇ ಹೆಚ್ಚು. ಇಲ್ಲವೇ ಅದು ಗೂಗಲ್ ಮೂಲಕ ಲಾಗಿನ್ ಆಗುವ ಖಾತೆಯಾಗಿರಬಹುದು. ಅಂಥದ್ದಕ್ಕೆ ಆ ತಾಣದಲ್ಲಿ ಪಾಸ್‌ವರ್ಡೇ ಇಲ್ಲದಿದ್ದರೆ ಬದಲಿಸುವುದೇನನ್ನು?

ಹಳೆಯ ರಸೀದಿಗಳು ಸಿಕ್ಕವು, ಹೊಸ ಮೇಲ್ ಮಾತ್ರ ಇಲ್ಲ ಎಂದಾದರೆ ಕಾಲು ಗಂಟೆ ಕಾಯುವುದು ಮೇಲು. ಕೆಲವು ಮೇಲ್ ಸರ್ವರ್‌ಗಳು ಅಪರಿಚಿತ ಸರ್ವರ್ ಕಳುಹಿಸಿದ್ದನ್ನು ‘ಆಮೇಲೆ ಬಾ’ ಎಂದು ಒಮ್ಮೆ ವಾಪಸ್ ಅಟ್ಟಿ, ಎರಡನೇ ಸಲ ಒಳಗೆ ಬಿಡುತ್ತವೆ. ತಾಳ್ಮೆಗೆಟ್ಟು ಗುಂಡಿ ಒತ್ತುತ್ತಲೇ ಇದ್ದರೆ ಕೆಲಸ ಕೆಡುತ್ತದೆ: ಹಲವು ತಾಣಗಳಲ್ಲಿ ಹೊಸ ಲಿಂಕ್ ಹುಟ್ಟಿದೊಡನೆ ಹಳೆಯದು ಸತ್ತುಹೋಗುತ್ತದೆ.

ಇದೆಲ್ಲ ಮುಗಿದ ಮೇಲೂ ಉಳಿಯುವ ಕಾರಣವೊಂದಿದೆ. ಅದು ಹೆಚ್ಚಿನವರ ಊಹೆಗೂ ಬರುವುದಿಲ್ಲ.

ಯಾಹೂ ವಿಳಾಸದ ಗ್ರಾಹಕಿಯೊಬ್ಬರು ಸೀರೆ ಅಂಗಡಿಯ ಜಾಹೀರಾತು ಮೇಲ್‌ಗಳಿಂದ ಬೇಸತ್ತು ಒಂದು ದಿನ ‘ಸ್ಪ್ಯಾಮ್’ ಎಂದು ಒತ್ತಿದರು ಎನ್ನೋಣ. ಯಾಹೂ ಆ ದೂರನ್ನು, ಅದಕ್ಕೆ ಹೆಸರು ನೋಂದಾಯಿಸಿದ ಮೇಲ್ ಸೇವೆಗಳಿಗೆ ತಲುಪಿಸುತ್ತದೆ. ಅಂಗಡಿಯ ಪರವಾಗಿ ಮೇಲ್ ರವಾನಿಸುವ ಸೇವೆ ಆಗ ಅವರ ವಿಳಾಸವನ್ನು ‘ಸಪ್ರೆಷನ್ ಲಿಸ್ಟ್’ ಎಂಬ ತಡೆಪಟ್ಟಿಗೆ ಸೇರಿಸುತ್ತದೆ. ಅಮೆಜಾನ್‌ನ ಎಸ್‌ಇಎಸ್ ಸೇವೆಯಲ್ಲಿ ಇಂಥ ಪಟ್ಟಿ ಇದೆ. ಜಾಹೀರಾತಿಗೂ ಪಾಸ್‌ವರ್ಡ್ ಲಿಂಕಿಗೂ ಅಂಗಡಿ ಒಂದೇ ಪಟ್ಟಿ ಬಳಸುತ್ತಿದ್ದರೆ ಎರಡೂ ನಿಲ್ಲುತ್ತವೆ. ತಿಂಗಳುಗಳ ನಂತರ ಆಕೆ ಪಾಸ್‌ವರ್ಡ್ ಮರೆತಾಗ, ಮೇಲ್ ಯಾಹೂ ಬಾಗಿಲಿಗೂ ಹೋಗಿರುವುದಿಲ್ಲ. ಸ್ಪ್ಯಾಮ್ ಫೋಲ್ಡರನ್ನು ಎಷ್ಟು ತಡಕಾಡಿದರೂ ಸಿಗುವುದೆಲ್ಲಿಂದ?

ಗುರುತಿಸುವ ದಾರಿ ಸರಳ. ಅದೇ ಅಂಗಡಿಯಲ್ಲಿ ಖಾತೆಯಿರುವ ಇನ್ನೊಬ್ಬರು ತಮ್ಮ ಲಿಂಕ್ ಕೇಳಿನೋಡಲಿ. ಅವರಿಗೆ ಬಂದು, ಈಕೆಗೆ ರಸೀದಿಗಳೂ ನಿಂತುಹೋಗಿದ್ದರೆ ಅನುಮಾನ ಪಟ್ಟಿಯತ್ತ ತಿರುಗಬೇಕು. ಅದನ್ನು ತೆರೆದು ನೋಡುವುದು ಅಂಗಡಿಯವರಿಗಷ್ಟೇ ಸಾಧ್ಯ. ‘ಮೇಲ್ ಬಂದಿಲ್ಲ’ ಎಂದಷ್ಟೇ ದೂರಿದರೆ ‘ಸ್ಪ್ಯಾಮ್ ನೋಡಿ ಮೇಡಂ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಬದಲಿಗೆ ವಿಳಾಸ, ಲಿಂಕ್ ಕೇಳಿದ ದಿನಾಂಕ, ಸಮಯ ಬರೆದು, ಮೇಲ್ ಲಾಗ್‌ನಲ್ಲಿ ಅದು ತಲುಪಿದೆಯೋ, ತಿರಸ್ಕೃತವಾಗಿದೆಯೋ, ತಡೆಪಟ್ಟಿಯಲ್ಲಿದೆಯೋ ಎಂದು ಕೇಳಬೇಕು. ಪಟ್ಟಿಯಿಂದ ವಿಳಾಸ ತೆಗೆದ ಮೇಲೆ ಲಿಂಕನ್ನು ಹೊಸದಾಗಿ ಕೇಳಬೇಕಾಗುತ್ತದೆ. ತಡೆದ ಮೇಲ್‌ಗಳನ್ನು ಯಾರೂ ಕೂಡಿಟ್ಟು ಆಮೇಲೆ ಕಳುಹಿಸುವುದಿಲ್ಲ.